ಒಂದೇ ಒಂದು ಕನ್ನಡ ಪದ ಕಲಿಸಿ: ಅಕ್ಕನ ರಿಸೆಪ್ಷನ್‌ಗೆ ಮೂರು ನಿಮಿಷದ ಮಾತು ಬರೆಯುವ ಬಗೆ

ಅಕ್ಕನ ರಿಸೆಪ್ಷನ್‌ನಲ್ಲಿ ನಾಲ್ಕು ಮಾತು ಆಡಬೇಕು. ಮುಂದಿನ ಸಾಲಿನಲ್ಲಿ ಅಜ್ಜಿ, ದೊಡ್ಡಮ್ಮ, ಮಾವ ಕೂತಿರುತ್ತಾರೆ. ಅವರಿಗೆ ಕನ್ನಡವೇ ಬೇಕು. ಹಿಂದೆ ಭಾವನ ಆಫೀಸಿನವರು ಇರುತ್ತಾರೆ, ಅವರಲ್ಲಿ ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ. ಆಗ ಎಲ್ಲರಿಗೂ ಮೊದಲು ಹೊಳೆಯುವ ದಾರಿ ಅಂದರೆ ಒಂದು ಸಾಲು ಕನ್ನಡದಲ್ಲಿ ಹೇಳುವುದು, ಅದನ್ನೇ ಇಂಗ್ಲಿಷ್‌ನಲ್ಲಿ ಮತ್ತೆ ಹೇಳುವುದು.

ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬ ಕಸಿನ್ ಮದುವೆಯಲ್ಲಿ ನಾನು ಅದನ್ನೇ ಮಾಡಿದ್ದೆ. ಮೂರು ನಿಮಿಷಕ್ಕೆ ಅಂತ ಬರೆದದ್ದು ಆರು ನಿಮಿಷ ಆಯಿತು. ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ತಮಾಷೆ ಮಾತಿಗೆ ಮೊದಲು ಕನ್ನಡದವರು ನಕ್ಕರು. ಅವರ ನಗು ಮುಗಿದು ಸುಮ್ಮನಾದ ಮೇಲೆ ನಾನು ಇಂಗ್ಲಿಷ್ ಸಾಲು ಓದಿದೆ, ಆಗ ಹಿಂದಿನ ಸಾಲಿನವರು ಮೆಲ್ಲಗೆ ನಕ್ಕರು. ಒಂದೇ ಹಾಲ್‌ನಲ್ಲಿ ಎರಡು ಗುಂಪು, ಎರಡು ನಗು. ಎರಡೂ ಅರೆಬರೆ.

ಅದಾದ ಮೇಲೆ ಸ್ವಂತ ಅಕ್ಕನ ರಿಸೆಪ್ಷನ್‌ಗೆ ಬೇರೆ ರೀತಿ ಬರೆದೆ. ಇಂಗ್ಲಿಷ್ ಸಾಲುಗಳನ್ನು ಅನುವಾದಕ್ಕೆ ಬಳಸಲೇ ಇಲ್ಲ. ಅತಿಥಿಗಳಿಗೆ ಒಂದು ಕನ್ನಡ ಪದ ಕಲಿಸುವುದಕ್ಕೆ, ಆಮೇಲೆ ಆ ಪದಕ್ಕೆ ಎಲ್ಲಿ ಕಾಯಬೇಕು ಅಂತ ಹೇಳುವುದಕ್ಕೆ ಮಾತ್ರ ಬಳಸಿದೆ. ಅದನ್ನು ಹೇಗೆ ಕಟ್ಟಿದೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಪದ ಹುಡುಕಿ

ಒಂದು ಹಾಳೆ ತೆಗೆದುಕೊಂಡು, ನಿಮ್ಮ ಅಕ್ಕನೋ ಅಣ್ಣನೋ ತಂಗಿಯೋ ಮನೆಯಲ್ಲಿ ದಿನಾ ಆಡುವ ಮಾತುಗಳನ್ನು ಬರೆಯಿರಿ. ಅವರ ಗುಣ, ಓದು, ಕೆಲಸ ಯಾವುದೂ ಈಗ ಬೇಡ. ಬಾಯಿಂದ ಬೀಳುವ ಪದಗಳು ಮಾತ್ರ. ಅಮ್ಮನನ್ನು ಕೇಳಿದರೆ ಇನ್ನೂ ನಾಲ್ಕು ಸಿಗುತ್ತವೆ.

ನನ್ನ ಪಟ್ಟಿಯಲ್ಲಿ 'ಸುಮ್ನಿರು', 'ನೋಡೋಣ', 'ನಂಗೇನ್ ಗೊತ್ತು', 'ಬಂದೆ' ಇದ್ದವು. ನಾನು ಆರಿಸಿದ್ದು 'ಬಂದೆ'. ಯಾಕೆ ಅಂದರೆ, ಮೊದಲನೆಯದಾಗಿ ಅದು ಚಿಕ್ಕದು, ಒಂದು ಸಲ ಕೇಳಿದವರಿಗೂ ನೆನಪಿರುತ್ತದೆ. ಎರಡನೆಯದಾಗಿ ಅದರ ಅರ್ಥ ಒಂದೇ ಇಂಗ್ಲಿಷ್ ಸಾಲಿನಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಒಂದು ಕಡೆ ನಗಿಸುತ್ತದೆ, ಇನ್ನೊಂದು ಕಡೆ ಗಂಟಲು ಕಟ್ಟಿಸುತ್ತದೆ. ಕೋಣೆಯಿಂದ ಇನ್ನೂ ಹೊರಟೇ ಇಲ್ಲದವರು ಕೂಡ 'ಬಂದೆ' ಅನ್ನುತ್ತಾರೆ. ನಮ್ಮ ಭಾಷೆಯ ಚಂದವೇ ಅದು ಅಲ್ವಾ? ಕಷ್ಟದಲ್ಲಿ ಫೋನ್ ಮಾಡಿದಾಗ ಆ ಕಡೆಯಿಂದ ಅದೇ 'ಬಂದೆ' ಕೇಳಿದರೆ ಮಾತ್ರ ಜೀವ ಬಂದ ಹಾಗಾಗುತ್ತದೆ.

ನೀವು ಆರಿಸುವ ಪದಕ್ಕೂ ಹೀಗೆ ಎರಡು ಮುಖ ಇರಲಿ. 'ಸುಮ್ನಿರು' ನಗಿಸುತ್ತಿತ್ತು, ಆದರೆ ಮಾತು ಮುಗಿಸುವುದಕ್ಕೆ ಬರುತ್ತಿರಲಿಲ್ಲ. 'ನಂಗೇನ್ ಗೊತ್ತು' ಅನ್ನುವುದನ್ನು ಬೀಗರ ಎದುರು ಹೇಳಿದರೆ ಅಕ್ಕನಿಗೆ ಮುಜುಗರ. ಮದುಮಗಳನ್ನು ಚಿಕ್ಕವಳನ್ನಾಗಿ ಮಾಡುವ ಪದ ಎಷ್ಟೇ ತಮಾಷೆಯಾಗಿದ್ದರೂ ಬಿಟ್ಟುಬಿಡಿ.

ಹೆಜ್ಜೆ 2: ಎರಡೇ ಘಟನೆ

ಪದ ನಗಿಸುವ ಘಟನೆ ಒಂದು, ಅದೇ ಪದ ಮನಸ್ಸಿಗೆ ತಟ್ಟುವ ಘಟನೆ ಇನ್ನೊಂದು. ಮೂರು ನಿಮಿಷಕ್ಕೆ ಅಷ್ಟೇ ಹಿಡಿಯುವುದು. ಮೂರನೇ ಘಟನೆ ಸೇರಿಸಿದರೆ ಮೂರನ್ನೂ ಓಡಿಸಿಕೊಂಡು ಹೇಳಬೇಕಾಗುತ್ತದೆ.

ನಾನು ಗಡಿಯಾರ ಇಟ್ಟು ನೋಡಿದಾಗ, ಮೈಕ್ ಹಿಡಿದು ಆಡುವ ವೇಗದಲ್ಲಿ ಒಂದು ನಿಮಿಷಕ್ಕೆ ಕನ್ನಡದ 85ರಿಂದ 90 ಪದ ಆಗುತ್ತಿದ್ದವು. ನಮ್ಮ ಪದಗಳು ಉದ್ದ. 'ಹಾಕಿಕೊಂಡಿರಲಿಲ್ಲ' ಅನ್ನುವುದೇ ಒಂದು ಪದ. ಹಾಗಾಗಿ ಇಂಗ್ಲಿಷ್ ಭಾಷಣದ ಪದಲೆಕ್ಕವನ್ನು ಕನ್ನಡಕ್ಕೆ ಹಚ್ಚಬೇಡಿ. ನಗುವಿಗೆ, ಉಸಿರಿಗೆ ಜಾಗ ಬಿಟ್ಟರೆ ಕನ್ನಡ ಇಂಗ್ಲಿಷ್ ಎರಡೂ ಸೇರಿ 230 ಪದದ ಒಳಗೆ ಇದ್ದರೆ ಮೂರು ನಿಮಿಷಕ್ಕೆ ಸರಿಹೋಗುತ್ತದೆ.

ಹೆಜ್ಜೆ 3: ಪದವನ್ನು ವಾಕ್ಯದ ಕೊನೆಗೆ ತನ್ನಿ

ಇದೇ ಅತಿ ಮುಖ್ಯವಾದ ಕೆಲಸ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು.

ಕನ್ನಡದಲ್ಲಿ ಯಾರಾದರೂ ಏನಾದರೂ ಹೇಳಿದರು ಅಂತ ಬರೆಯುವಾಗ ಸಹಜವಾಗಿ ಬರುವುದು ಹೀಗೆ: 'ಒಳಗಿನಿಂದ ಬಂದೆ ಅಂತ ಕೂಗುತ್ತಿದ್ದಳು.' ಇದರಲ್ಲಿ ಪದ ನಡುವೆ ಸಿಕ್ಕಿಕೊಂಡಿದೆ. ಕನ್ನಡ ಗೊತ್ತಿರುವವರಿಗೆ ತೊಂದರೆ ಇಲ್ಲ. ಗೊತ್ತಿಲ್ಲದವರಿಗೆ ಅದು ಕೇಳಿಸುವುದೇ ಇಲ್ಲ, ಅದರ ಮೇಲೆ 'ಅಂತ ಕೂಗುತ್ತಿದ್ದಳು' ಬಂದು ಕೂತಿರುತ್ತದೆ. ನಗಬೇಕಾದವರೂ ಆ ಕ್ರಿಯಾಪದ ಮುಗಿಯಲಿ ಅಂತ ಕಾಯುತ್ತಾರೆ.

ಅದನ್ನೇ ತಿರುಗಿಸಿ: 'ಆದರೂ ಒಳಗಿನಿಂದ ಕೇಳುತ್ತಿದ್ದದ್ದು ಒಂದೇ ಮಾತು. ಬಂದೆ!' ಈಗ ಪದ ಕೊನೆಯಲ್ಲಿದೆ, ಅದಕ್ಕೆ ಮುಂಚೆ ಒಂದು ಉಸಿರಿನಷ್ಟು ಜಾಗ ಇದೆ. ಅಜ್ಜಿಯೂ ಆಫೀಸಿನವರೂ ಒಂದೇ ಕ್ಷಣಕ್ಕೆ ನಗುತ್ತಾರೆ.

ಇಲ್ಲಿ ಇನ್ನೊಂದು ತೊಡಕು ಇದೆ, ಅದು ನನಗೆ ಬರೆದು ಮುಗಿಸಿದ ಮೇಲೆ ಗೊತ್ತಾಯಿತು. ಕನ್ನಡ ಬಾರದ ಒಬ್ಬ ಗೆಳೆಯನಿಗೆ ಮೊದಲ ಕರಡು ಓದಿ ಹೇಳಿದೆ. ಅವನು ಎರಡು ಕಡೆ ತಪ್ಪಾಗಿ ನಕ್ಕ. ನೋಡಿದರೆ ಆ ಜಾಗಗಳಲ್ಲಿ 'ಬಂದಳು', 'ಬಂದಾಗ' ಅಂತ ಇತ್ತು. ಅವನ ಕಿವಿಗೆ ಎಲ್ಲವೂ ಒಂದೇ. ಆಮೇಲೆ ನಾನು ಇಡೀ ಮಾತಿನಿಂದ ಆ ಪದದ ಬೇರೆ ರೂಪಗಳನ್ನೆಲ್ಲ ತೆಗೆದೆ. 'ಬಂದಿರುವ ಎಲ್ಲರಿಗೂ' ಅನ್ನುವುದು 'ಸೇರಿರುವ ಎಲ್ಲರಿಗೂ' ಆಯಿತು. 'ಹತ್ತು ನಿಮಿಷಕ್ಕೆ ಬಂದಳು' ಅನ್ನುವುದು 'ಹತ್ತೇ ನಿಮಿಷ, ಎದುರಿಗೆ ನಿಂತಿದ್ದಳು' ಆಯಿತು. ಎರಡನೆಯದು ಓದುವುದಕ್ಕೂ ಚೆನ್ನಾಗಿತ್ತು. ನಿಮ್ಮ ಪದ ಕ್ರಿಯಾಪದವಾಗಿದ್ದರೆ ಈ ಒಂದು ಸಲ ಹುಡುಕಿ ತೆಗೆಯುವ ಕೆಲಸ ತಪ್ಪಿಸಬೇಡಿ.

ಹೆಜ್ಜೆ 4: ಇಂಗ್ಲಿಷ್ ಸಾಲು ಕಥೆಗೆ ಮುಂಚೆ ಬರಲಿ

ಅನುವಾದ ಕಥೆಯ ಹಿಂದೆ ಬರುತ್ತದೆ. ಅದಕ್ಕೇ ಅದು ತಣ್ಣಗಿರುತ್ತದೆ. ನೀವು ಇಂಗ್ಲಿಷ್ ಅನ್ನು ಮುಂಚೆ ಹೇಳಿ. 'ಮಳೆ ಬರುತ್ತಿದೆ, ಕೊನೇ ಬಸ್ ಹೋಗಿದೆ, ನಾನು ಅವಳಿಗೆ ಫೋನ್ ಮಾಡುತ್ತಿದ್ದೇನೆ' ಅಂತ ಎರಡು ಚಿಕ್ಕ ಇಂಗ್ಲಿಷ್ ಸಾಲಿನಲ್ಲಿ ಸಂದರ್ಭ ಕೊಟ್ಟುಬಿಡಿ. ಆಮೇಲೆ ಕನ್ನಡದಲ್ಲಿ ಕಥೆ ಹೇಳಿದರೆ ಅವರಿಗೆ ಎಲ್ಲಿದ್ದೇವೆ ಅಂತ ಗೊತ್ತಿರುತ್ತದೆ. ನಿಮ್ಮ ಮುಖ, ದನಿ ನೋಡುತ್ತಾ ಪದಕ್ಕೆ ಕಾಯುತ್ತಾರೆ.

ಕನ್ನಡದವರಿಗೆ ಇದರಿಂದ ಕಥೆ ಮೊದಲೇ ಗೊತ್ತಾಗಿ ಹೋಗುವುದಿಲ್ಲವೇ? ಅರ್ಧ ಗೊತ್ತಾಗುತ್ತದೆ, ನಿಜ. ಅದಕ್ಕೇ ಇಂಗ್ಲಿಷ್‌ನಲ್ಲಿ ಸಂದರ್ಭ ಮಾತ್ರ ಕೊಡಬೇಕು, ಕೊನೆ ಕೊಡಬಾರದು. ಕೊನೆ ಯಾವಾಗಲೂ ಕನ್ನಡದಲ್ಲಿ.

ಒಂದು ಸಲಕ್ಕೆ ಎರಡು ಮೂರು ಚಿಕ್ಕ ಸಾಲಿಗಿಂತ ಜಾಸ್ತಿ ಇಂಗ್ಲಿಷ್ ಬೇಡ, ಪದ ಕಲಿಸುವ ಜಾಗ ಒಂದನ್ನು ಬಿಟ್ಟು. ಹಾಗೆಯೇ 40 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬರೀ ಕನ್ನಡವೇ ಹೋದರೆ ಹಿಂದಿನ ಸಾಲಿನಲ್ಲಿ ಫೋನ್‌ಗಳು ಹೊರಬರುತ್ತವೆ.

ಹರಸುವ ಮಾತುಗಳನ್ನೂ ಗಾದೆಗಳನ್ನೂ ಇಂಗ್ಲಿಷ್‌ಗೆ ತರಲು ಹೋಗಬೇಡಿ. 'ನೂರು ಕಾಲ ಬಾಳಿ' ಅನ್ನುವುದು ನಮಗೆ ಎದೆಗೆ ಹತ್ತಿರವಾದ ಮಾತು, ಇಂಗ್ಲಿಷ್‌ನಲ್ಲಿ ಅದೇ ಪದಗಳನ್ನಿಟ್ಟರೆ ಯಾವುದೋ ಫಾರ್ಮ್ ಓದಿದ ಹಾಗಿರುತ್ತದೆ. ಸಂಬಂಧದ ಹೆಸರುಗಳನ್ನೂ ಹಾಗೇ ಬಿಡಿ. ದೊಡ್ಡಮ್ಮನನ್ನು 'ಆಂಟ್' ಅಂದರೆ ಅತ್ತೆಯೂ ಆಂಟ್, ಚಿಕ್ಕಮ್ಮನೂ ಆಂಟ್. ದೊಡ್ಡಮ್ಮ ಅಂತಲೇ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ.

ಪೂರ್ತಿ ಮಾತು

ನಾನು ಕೊನೆಗೆ ಓದಿದ್ದು ಇದು. ಇಂಗ್ಲಿಷ್ ಸಾಲುಗಳನ್ನು ನನ್ನ ಕಾರ್ಡ್‌ನಲ್ಲಿದ್ದ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

> ಹಿರಿಯರಿಗೆಲ್ಲ ನಮಸ್ಕಾರ. ಇಲ್ಲಿ ಸೇರಿರುವ ಎಲ್ಲರಿಗೂ ಎರಡೂ ಮನೆಯವರ ಪರವಾಗಿ ಸ್ವಾಗತ. ನಾನು ಮದುಮಗಳ ತಮ್ಮ. ಮೂರೇ ನಿಮಿಷ ಮಾತಾಡ್ತೀನಿ.
>
> ಇಂಗ್ಲಿಷ್: ಗುಡ್ ಈವ್ನಿಂಗ್. ಐ ವಿಲ್ ಸ್ಪೀಕ್ ಇನ್ ಕನ್ನಡ. ಯು ನೀಡ್ ಓನ್ಲಿ ಒನ್ ವರ್ಡ್. ದ ವರ್ಡ್ ಈಸ್ 'ಬಂದೆ'. ಇಟ್ ಮೀನ್ಸ್, ಐ ಹ್ಯಾವ್ ಕಮ್. ಮೈ ಸಿಸ್ಟರ್ ಸೇಸ್ ಇಟ್ ಬಿಫೋರ್ ಶಿ ಹ್ಯಾಸ್ ಲೆಫ್ಟ್ ಹರ್ ರೂಮ್.
>
> ಚಿಕ್ಕವನಿದ್ದಾಗ ನನ್ನನ್ನು ಸ್ಕೂಲಿಗೆ ಬಿಡೋದು ಅಕ್ಕನ ಕೆಲಸ. ನಾನು ಶೂ ಹಾಕ್ಕೊಂಡು, ಬ್ಯಾಗ್ ಹೆಗಲಿಗೇರಿಸಿ ಗೇಟ್ ಹತ್ರ ನಿಂತಿರ್ತಿದ್ದೆ. 'ಅಕ್ಕಾ, ಹೊತ್ತಾಯ್ತು!' ಅಂತ ಕೂಗ್ತಿದ್ದೆ. ಅವಳು ಇನ್ನೂ ತಲೆ ಬಾಚಿರಲ್ಲ. ತಿಂಡಿ ಮುಗಿಸಿರಲ್ಲ. ಸ್ಕೂಟರ್ ಕೀ ಎಲ್ಲಿದೆ ಅಂತಾನೇ ಗೊತ್ತಿರಲ್ಲ. ಆದ್ರೂ ಒಳಗಿಂದ ಕೇಳ್ತಿದ್ದದ್ದು ಒಂದೇ ಮಾತು. ಬಂದೆ!
>
> ಇಂಗ್ಲಿಷ್: ನೌ ಐ ಆಮ್ ಸೆವೆಂಟೀನ್. ಇಟ್ ಈಸ್ ರೇನಿಂಗ್. ದ ಲಾಸ್ಟ್ ಬಸ್ ಹ್ಯಾಸ್ ಗಾನ್, ಆಂಡ್ ಐ ಕಾಲ್ ಹರ್.
>
> ನನಗೆ ಹದಿನೇಳು. ಮಳೆಯ ರಾತ್ರಿ, ಕೊನೇ ಬಸ್ ಹೋಗಿದೆ. ಬಸ್ ಸ್ಟ್ಯಾಂಡ್‌ನಲ್ಲಿ ನಾನೊಬ್ಬನೇ. ಫೋನ್ ಚಾರ್ಜ್ ಮುಗೀತಾ ಇದೆ. ಅಕ್ಕನಿಗೆ ಫೋನ್ ಮಾಡಿ, ಎಲ್ಲಿದ್ದೀನಿ ಅಂತ ಅಷ್ಟೇ ಹೇಳೋಕಾಯ್ತು. ಬೈತಾಳೆ ಅಂದ್ಕೊಂಡಿದ್ದೆ. ಅವಳು ಬೈಲಿಲ್ಲ. ಏನೂ ಕೇಳ್ಲಿಲ್ಲ. ಅವಳಂದದ್ದು ಒಂದೇ ಮಾತು. ಬಂದೆ.
>
> ಹತ್ತೇ ನಿಮಿಷ. ಎದುರಿಗೆ ನಿಂತಿದ್ಲು, ಪೂರ್ತಿ ನೆನೆದು. ರೇನ್‌ಕೋಟ್ ಕೈಯಲ್ಲಿತ್ತು. ಹಾಕ್ಕೊಂಡಿರ್ಲಿಲ್ಲ. ಅದು ನನಗೆ ಅಂತ ತಂದಿದ್ದು.
>
> ಇಂಗ್ಲಿಷ್: ಟೆನ್ ಮಿನಿಟ್ಸ್. ಶಿ ಹೆಲ್ಡ್ ಅ ಡ್ರೈ ರೇನ್‌ಕೋಟ್. ಇಟ್ ವಾಸ್ ಫಾರ್ ಮಿ.
>
> ಭಾವ, ನಿಮಗೊಂದು ಮಾತು. ದಿನಾ ಬೆಳಿಗ್ಗೆ ಅಕ್ಕ ಈ ಮಾತು ಅಂದ್ರೆ, ನೀವು ಆರಾಮಾಗಿ ಪೇಪರ್ ಓದಿ ಮುಗಿಸಬಹುದು. ಆದ್ರೆ ನಿಜವಾಗ್ಲೂ ಬೇಕಾದಾಗ ಅವಳಿಗೆ ಹತ್ತು ನಿಮಿಷ ಸಾಕು.
>
> ಇಂಗ್ಲಿಷ್: ದ ಲಾಸ್ಟ್ ಲೈನ್ಸ್ ಆರ್ ಫಾರ್ ಮೈ ಸಿಸ್ಟರ್. ಯು ನೋ ದ ವರ್ಡ್.
>
> ಅಕ್ಕಾ, ಇನ್ಮೇಲೆ ಆ ಗೇಟ್ ಹತ್ರ ಕಾಯೋದು ನೀನು. ಯಾವತ್ತೇ ಆಗಲಿ, ಎಷ್ಟು ಹೊತ್ತಿಗೇ ಆಗಲಿ, ಒಂದು ಫೋನ್ ಮಾಡು. ಏನೂ ಹೇಳ್ಬೇಡ. ಕಾರಣ ಬೇಡ. ನಾನು ಬಂದೆ.

ಇಂಗ್ಲಿಷ್ ನಾಲ್ಕೇ ಕಡೆ ಇದೆ, ನೋಡಿ. ಭಾವನಿಗೆ ಹೇಳಿದ ಮಾತಿಗೆ ಇಂಗ್ಲಿಷ್ ಇಲ್ಲವೇ ಇಲ್ಲ. ಅಲ್ಲಿ ಇಡೀ ಹಾಲ್ ಭಾವನ ಮುಖ ನೋಡುತ್ತಿರುತ್ತದೆ, ಅವರು ನಕ್ಕರೆ ಎಲ್ಲರೂ ನಗುತ್ತಾರೆ. ರೇನ್‌ಕೋಟ್ ಜಾಗದಲ್ಲಿ ಮಾತ್ರ ನಾನೇ ಹೇಳಿದ ನಿಯಮ ಮುರಿದಿದ್ದೇನೆ, ಇಂಗ್ಲಿಷ್ ಆಮೇಲೆ ಬರುತ್ತದೆ. ಆ ರೇನ್‌ಕೋಟ್ ಯಾರಿಗೂ ತಪ್ಪಿಹೋಗಬಾರದು ಅನ್ನಿಸಿತು. ಅದು ನಗುವ ಜಾಗ ಅಲ್ಲ, ಹಾಗಾಗಿ ಸ್ವಲ್ಪ ತಡವಾಗಿ ತಲುಪಿದರೂ ತೊಂದರೆ ಆಗಲಿಲ್ಲ.

ನೀನು, ನೀವು

ಇದೊಂದು ಚಿಕ್ಕ ವಿಷಯ, ಆದರೆ ಬೀಗರ ಮನೆಯವರು ನೆನಪಿಟ್ಟುಕೊಳ್ಳುವುದು ಇದನ್ನೇ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ 'ಯು'. ಅದನ್ನು ಹೇಳಿ ತಕ್ಷಣ ಕನ್ನಡಕ್ಕೆ ಹೊರಳಿದಾಗ ನಾಲಿಗೆ ಜಾರುತ್ತದೆ. ಅಕ್ಕನಿಗೆ 'ನೀನು' ಅಂದ ರಭಸದಲ್ಲೇ ಭಾವನಿಗೂ 'ನೀನು' ಬಂದುಬಿಡಬಹುದು. ಅದಕ್ಕೇ ಭಾವನ ಮಾತನ್ನು ಅಕ್ಕನ ಮಾತಿಗಿಂತ ಮುಂಚೆ ಇಟ್ಟೆ, ಎರಡರ ನಡುವೆ ಒಂದು ಇಂಗ್ಲಿಷ್ ಸಾಲು ಹಾಕಿದೆ. ಕಾರ್ಡ್‌ನಲ್ಲಿ 'ನಿಮಗೊಂದು' ಅನ್ನುವುದರ ಕೆಳಗೆ ಗೆರೆ ಎಳೆದಿದ್ದೆ. ತಂಗಿಯ ಗಂಡ ನಿಮಗಿಂತ ಚಿಕ್ಕವರಾಗಿ, ಮನೆಯಲ್ಲಿ ನೀವು ಏಕವಚನದಲ್ಲೇ ಮಾತಾಡುತ್ತಿದ್ದರೂ ಸ್ಟೇಜ್ ಮೇಲೆ 'ನೀವು' ಇರಲಿ. ಅವರ ಅಪ್ಪ ಅಮ್ಮ ಕೇಳುತ್ತಿರುತ್ತಾರೆ.

ಹೆಜ್ಜೆ 5: ಕಾರ್ಡ್ ಬರೆಯಿರಿ

ಮೊಬೈಲ್ ನೋಡಿ ಓದುವುದು ಬೇಡ. ಸ್ಕ್ರೀನ್ ಆಫ್ ಆಗುತ್ತದೆ, ನಡುವೆ ಯಾರದೋ ಕಾಲ್ ಬರುತ್ತದೆ, ವಿಡಿಯೋದವರ ಲೈಟ್ ಬಿದ್ದರೆ ಅಕ್ಷರ ಕಾಣುವುದಿಲ್ಲ. ಗಟ್ಟಿ ಕಾಗದದ ಮೂರು ನಾಲ್ಕು ಕಾರ್ಡ್ ಸಾಕು. ಒಂದೇ ಮಗ್ಗುಲಿಗೆ ಬರೆಯಿರಿ, ಮೂಲೆಯಲ್ಲಿ ನಂಬರ್ ಹಾಕಿ. ಒಂದು ಉಸಿರಿಗೆ ಎಷ್ಟು ಹೇಳುತ್ತೀರೋ ಅಷ್ಟೇ ಒಂದು ಸಾಲಿನಲ್ಲಿರಲಿ. ವಾಕ್ಯ ಒಂದು ಕಾರ್ಡ್‌ನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಾರದು. 'ಅವಳಂದದ್ದು ಒಂದೇ ಮಾತು' ಅಂದು ಕಾರ್ಡ್ ತಿರುವುತ್ತಾ ನಿಂತರೆ ಆ ಕ್ಷಣ ಹೋಯಿತು.

ಇಂಗ್ಲಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲೇ, ಬೇರೆ ಬಣ್ಣದ ಪೆನ್‌ನಲ್ಲಿ ಬರೆಯಿರಿ. ಲಿಪಿ ಬದಲಾದ ಕಡೆ ಕಣ್ಣು ಒಂದು ಕ್ಷಣ ತಡೆಯುತ್ತದೆ. ಮನೆಯಲ್ಲಿ ಓದುವಾಗ ಅದು ಗೊತ್ತಾಗುವುದಿಲ್ಲ. ಕೈ ನಡುಗುತ್ತಿರುವಾಗ ಅಲ್ಲೇ ತಡವರಿಸುತ್ತೀರಿ. ಬಣ್ಣ ಬೇರೆ ಇದ್ದರೆ ಮುಂದೆ ಭಾಷೆ ಬದಲಾಗುತ್ತದೆ ಅಂತ ಒಂದು ಸಾಲು ಮುಂಚೆಯೇ ಗೊತ್ತಾಗುತ್ತದೆ, ತಲೆ ಎತ್ತಿ ಹಿಂದಿನ ಸಾಲಿನ ಕಡೆ ನೋಡಲು ಸಮಯ ಸಿಗುತ್ತದೆ. ಇಂಗ್ಲಿಷ್ ಹೇಳುವಾಗ ಅವರನ್ನೇ ನೋಡಿ. ತಮಗೆ ಅಂತ ಹೇಳುತ್ತಿದ್ದಾರೆ ಅಂತ ಅವರಿಗೆ ಅನ್ನಿಸುವುದು ಆ ನೋಟದಿಂದ.

ಹೆಜ್ಜೆ 6: ಇಬ್ಬರಿಗೆ ಓದಿ ಹೇಳಿ

ಒಬ್ಬರು ಕನ್ನಡ ಬಾರದವರು. ಓದಿ ಮುಗಿಸಿ ಎರಡೇ ಪ್ರಶ್ನೆ ಕೇಳಿ: ಪದ ಯಾವುದು? ಮಳೆಯ ರಾತ್ರಿ ಏನಾಯಿತು? ಎರಡನೆಯದಕ್ಕೆ ಉತ್ತರ ಬರದಿದ್ದರೆ ಇಂಗ್ಲಿಷ್ ಜಾಸ್ತಿ ಮಾಡಬೇಡಿ, ಇರುವ ಸಾಲುಗಳನ್ನೇ ಇನ್ನೂ ಚಿಕ್ಕದು ಮಾಡಿ. ನನ್ನ ಮೊದಲ ಕರಡಿನಲ್ಲಿ ಮಳೆಯ ಸಾಲು ಒಂದೇ ಉದ್ದ ವಾಕ್ಯವಾಗಿತ್ತು. ಅದನ್ನು ಮೂರು ತುಂಡು ಮಾಡಿದ ಮೇಲೆ ಗೆಳೆಯನಿಗೆ ಎಲ್ಲವೂ ತಿಳಿಯಿತು.

ಇನ್ನೊಬ್ಬರು ಇಂಗ್ಲಿಷ್ ಬಾರದ ಹಿರಿಯರು. ನಾನು ಅಜ್ಜಿಗೆ ಓದಿದೆ. ಇಂಗ್ಲಿಷ್ ಸಾಲು ಬಂದಾಗ ಅವರ ಮುಖ ನೋಡುತ್ತಿದ್ದೆ. 'ಏನಂದೆ?' ಅಂತ ಪಕ್ಕದವರನ್ನು ಕೇಳುವ ಹಾಗಿದ್ದರೆ ಆ ಸಾಲು ಉದ್ದವಾಗಿದೆ ಅಂತ ಅರ್ಥ. ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಮುಚ್ಚಿ, ಬರೀ ಕನ್ನಡ ಓದಿ ನೋಡಿ. ಕಥೆ ಎಲ್ಲೂ ಹರಿದುಹೋಗಬಾರದು. ಅಜ್ಜಿಗೆ ಸಿಗುವುದು ಆ ಭಾಗ ಮಾತ್ರ ಅಲ್ವಾ?

ಕೊನೇ ಭಾಗವನ್ನು ಮಾತ್ರ ಒಬ್ಬರೇ ಕೂತು ಗಟ್ಟಿಯಾಗಿ ಹತ್ತು ಸಲ ಓದಿ. ಅಳು ಬರುವುದು ಅಲ್ಲೇ. ಹತ್ತು ಸಲ ಓದಿದರೂ ಬರುತ್ತದೆ, ಆದರೆ ದನಿ ನಿಲ್ಲುವುದಿಲ್ಲ.

ಹೆಜ್ಜೆ 7: ಜಾಗ ಮತ್ತು ಹೊತ್ತು

ಗಂಡು ಹೆಣ್ಣು ಸ್ಟೇಜ್ ಹತ್ತಿದ ತಕ್ಷಣ, ಫೋಟೋಗೆ ಸಾಲು ಶುರುವಾಗುವ ಮುಂಚೆ ಮಾತಾಡಿ. ಒಂದು ಸಲ ಸಾಲು ಶುರುವಾದರೆ ಅದನ್ನು ತಡೆಯಲು ಆಗುವುದಿಲ್ಲ, ಉಡುಗೊರೆ ಹಿಡಿದು ನಿಂತವರನ್ನು ಕಾಯಿಸುವುದೂ ಸರಿಯಲ್ಲ. ಅರ್ಧ ಜನ ಊಟದ ಕಡೆ ಹೊರಟಿರುತ್ತಾರೆ ಬೇರೆ. ಇದನ್ನು ಮೂರು ಜನಕ್ಕೆ ಮುಂಚೆಯೇ ಹೇಳಿರಬೇಕು: ಆರ್ಕೆಸ್ಟ್ರಾದವರಿಗೆ ಅಥವಾ ಸೌಂಡ್ ನೋಡಿಕೊಳ್ಳುವವರಿಗೆ, ವಿಡಿಯೋದವರಿಗೆ, ಸ್ಟೇಜ್ ಹತ್ತಿರ ಜನರನ್ನು ಬಿಡುವ ಮಾವನಿಗೆ. ಮಾವ ಒಪ್ಪಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಮೈಕ್ ಗದ್ದದ ಹತ್ತಿರ, ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಕಾರ್ಡ್ ಇನ್ನೊಂದು ಕೈಯಲ್ಲಿ. ಸ್ಪೀಕರ್ ಎದುರು ನಿಲ್ಲಬೇಡಿ, ಕುಂಯ್ ಅಂತ ಕೂಗುತ್ತದೆ. ಸ್ಟೇಜಿನ ಒಂದು ಪಕ್ಕದಲ್ಲಿ, ಅಕ್ಕನೂ ಜನರೂ ಇಬ್ಬರೂ ಕಾಣುವ ಹಾಗೆ ಓರೆಯಾಗಿ ನಿಂತರೆ ಸರಿ.

ಪದ ಕಲಿಸಿದ ಮೇಲೆ ಒಂದು ಸಲ ನಿಲ್ಲಿಸಿ. ಯಾರಾದರೂ ಹಿಂದಿನಿಂದ 'ಬಂದೆ' ಅಂತ ಹೇಳಿ ನೋಡಿಕೊಳ್ಳುತ್ತಾರೆ. ಹೇಳಲಿ, ಕಾಯಿರಿ. ಮೊದಲ 'ಬಂದೆ'ಗೆ ನಗು ಬರದಿದ್ದರೆ ಪದ ಸರಿಯಾಗಿ ಕೇಳಿಲ್ಲ ಅಂತ ತಿಳಿದು, ಇನ್ನೊಂದು ಸಲ ಸ್ವಲ್ಪ ರಾಗ ಎಳೆದು ಅನ್ನಿ. ವಿವರಿಸಲು ಮಾತ್ರ ಹೋಗಬೇಡಿ. ಎರಡನೇ 'ಬಂದೆ' ಮೆಲ್ಲಗೆ, ಮೈಕ್‌ಗೆ ಸ್ವಲ್ಪ ಹತ್ತಿರ. ಅಲ್ಲಿ ಹಾಲ್ ತಾನಾಗಿಯೇ ಸುಮ್ಮನಾಗುತ್ತದೆ.

ಕೊನೇ ಪದ ಆದ ಮೇಲೆ 'ಥ್ಯಾಂಕ್ಯೂ', 'ಎಲ್ಲರಿಗೂ ಧನ್ಯವಾದ' ಯಾವುದನ್ನೂ ಸೇರಿಸಬೇಡಿ. ಧನ್ಯವಾದ ಹೇಳಲೇಬೇಕಿದ್ದರೆ ಮೊದಲ ಕಾರ್ಡ್‌ನಲ್ಲಿ ಹೇಳಿ ಮುಗಿಸಿ. ಮೈಕ್ ಕೆಳಗಿಳಿಸಿ, ಕಾರ್ಡ್‌ಗಳನ್ನು ಜೇಬಿಗೆ ಹಾಕಿಕೊಂಡು ಅಕ್ಕನ ಹತ್ತಿರ ಹೋಗಿ.